ಸಹಾಯ ಬೇಕು: ಕಣ್ಣು ಕಾಣದ ಅಪ್ಪನ ಜೊತೆ ಹಳೇಬೀಡು ಪ್ರವಾಸ

ಎಲ್ಲರಿಗೂ ನಮಸ್ಕಾರ. ಗ್ಲುಕೋಮಾದಿಂದ ಅಪ್ಪನ ದೃಷ್ಟಿ ಪೂರ್ತಿ ಹೋಗಿದೆ. ಮುಂದಿನ ತಿಂಗಳು ಹಳೇಬೀಡಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಕೆಳಗಿನ ಸಾಲು ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಎಲ್ಲಾ ಕೈಗೆ ಸಿಗುವ ಎತ್ತರದಲ್ಲೇ ಇವೆ ಅಲ್ವಾ, ಅದಕ್ಕೇ ಈ ಊರು ಆರಿಸಿದ್ದು.

ರೂಮಿನ ವಿಷಯ ಹೇಗೋ ನಿಭಾಯಿಸುತ್ತೇನೆ. ಬಾಗಿಲಿಂದ ಶುರು ಮಾಡಿ, ಗೋಡೆಗೆ ಕೈ ತಾಗಿಸಿಕೊಂಡೇ ಒಂದು ಸುತ್ತು ಹಾಕಿಸುತ್ತೇನೆ. ಮಂಚದಿಂದ ಬಾತ್‌ರೂಮಿಗೆ ಎಷ್ಟು ಹೆಜ್ಜೆ ಅಂತ ಅಪ್ಪನೇ ಎಣಿಸಿಕೊಳ್ಳುತ್ತಾರೆ. ಶಾಂಪೂ ಬಾಟಲಿಗೆ ರಬ್ಬರ್ ಬ್ಯಾಂಡ್, ಸೋಪಿನ ಬಾಟಲಿಗೆ ಏನೂ ಇಲ್ಲ. ಕಳೆದ ಸಲ ಒಂದು ಕಡೆ ರೂಮ್ ಗುಡಿಸಲು ಬಂದವರು ಕುರ್ಚಿ ಜಾಗ ಬದಲಿಸಿ, ಅಪ್ಪನ ಮೊಣಕಾಲಿಗೆ ಪೆಟ್ಟಾಯಿತು. ಈ ಸಲ ಮೊದಲೇ ಹೇಳಿಡುತ್ತೇನೆ.

ನನಗೆ ಗೊಂದಲ ಇರುವುದು ಮುಟ್ಟುವ ವಿಷಯದಲ್ಲಿ. ಅದು ಪುರಾತತ್ವ ಇಲಾಖೆ ಕಾಪಾಡುವ ಜಾಗ, ಬಳಪದ ಕಲ್ಲು ಬೇರೆ ಮೃದು, ಕೈಯ ಎಣ್ಣೆ ಬೆವರು ತಾಗಿದರೆ ಹಾಳಾಗುತ್ತೆ ಅನ್ನೋದೂ ಸರಿಯೇ. ಹಿಂದೆ ಬೇರೊಂದು ದೇವಸ್ಥಾನದಲ್ಲಿ ಅಪ್ಪ ಆನೆಯ ಸೊಂಡಿಲು ಸವರುತ್ತಿದ್ದಾಗ ಕಾವಲುಗಾರ ಸೀಟಿ ಊದಿದ. ಅಪ್ಪ ಕೈ ಎಳೆದುಕೊಂಡು ಸುಮ್ನೆ ನಿಂತುಬಿಟ್ಟರು. ಗೈಡ್ ಕೂಡ ಬರೀ "ಇಲ್ಲಿ ನೋಡಿ, ಅಲ್ಲಿ ನೋಡಿ" ಅಂತಿದ್ದರು.

ಹಳೇಬೀಡಿಗೆ ಹೀಗೆ ಹೋಗಿ ಬಂದವರು ಹೇಳಿ: ಮುಟ್ಟಲು ಅನುಮತಿ ಯಾರ ಹತ್ತಿರ, ಎಷ್ಟು ದಿನ ಮೊದಲು ಕೇಳಬೇಕು? ಬಾಯಲ್ಲೇ ಬಿಡಿಸಿ ವಿವರಿಸುವ ಗೈಡ್ ಅಲ್ಲಿ ಸಿಗುತ್ತಾರಾ?