ಉಂಗುರದ ಬೆರಳಿನಲ್ಲಿ ಶುರುವಾದ ಕೈ ಬಿರುಕು

ಪ್ರಶ್ನೆ (ಗೃಹಿಣಿ, ದಾವಣಗೆರೆ): ಡಾಕ್ಟರೇ, 2 ವರ್ಷಗಳಿಂದ ನನ್ನ ಕೈ ಒಡೆಯುತ್ತಿದೆ. ಮೊದಲು ಉಂಗುರದ ಕೆಳಗೆ ಕೆಂಪಾಗಿ ತುರಿಸಿತು. ಈಗ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿ ಸೀಳಿ ರಕ್ತ ಬರುತ್ತದೆ. ಮೆಡಿಕಲ್ ಅಂಗಡಿಯವರು ಕೊಟ್ಟ ಮುಲಾಮು ಹಚ್ಚಿದರೆ 10 ದಿನಗಳಲ್ಲಿ ವಾಸಿಯಾಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ರಬ್ಬರ್ ಕೈಗವಸು ಹಾಕಿದರೆ ಬೆವರಿ ಇನ್ನಷ್ಟು ತುರಿಕೆ. ಇದು ಅಂಟುರೋಗ, ರೊಟ್ಟಿ ತಟ್ಟಬೇಡ ಎಂದು ಅತ್ತೆ ಹೇಳುತ್ತಾರೆ. ಹೌದೇ?

ಸದಸ್ಯೆ, ಶಿರಸಿ: ನನಗೂ ಹೀಗೇ ಇತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಪಾತ್ರೆಗೆ ಸೋಪು ಬಿಟ್ಟು ಅಂಟುವಾಳದ ಪುಡಿ ಬಳಸಿ. ರಾಸಾಯನಿಕವಿಲ್ಲದ ಕಾರಣ ಕೈಗೆ ಏನೂ ಆಗುವುದಿಲ್ಲ.

ಚರ್ಮವೈದ್ಯೆ: ಇದು ಅಂಟುವುದಿಲ್ಲ, ಅತ್ತೆಯವರಿಗೆ ಧೈರ್ಯವಾಗಿ ಹೇಳಿ. ಎಣ್ಣೆಯ ಮಾತು ಸರಿ. ಆದರೆ ಅಂಟುವಾಳವೂ ನೊರೆ ಬರಿಸಿ ಜಿಡ್ಡು ತೆಗೆಯುವ ವಸ್ತುವೇ. ಪಾತ್ರೆಯ ಜಿಡ್ಡನ್ನು ತೆಗೆಯುವುದು ಚರ್ಮದ ಜಿಡ್ಡನ್ನೂ ತೆಗೆಯುತ್ತದೆ. ಆ ಜಿಡ್ಡು ಹೋದ ಮೇಲೆ ಬರಿಯ ನೀರೂ ಚರ್ಮವನ್ನು ಒಡೆಯುತ್ತದೆ.

ನಿಮ್ಮ ಕೈ ಎರಡು ಕಥೆ ಹೇಳುತ್ತಿದೆ. ಉಂಗುರದ ಕೆಳಗೆ ಸೋಪಿನ ನೀರು ನಿಂತು ಒಣಗುವುದಿಲ್ಲ, ಹಾಗಾಗಿ ಅಲ್ಲಿಂದ ಶುರುವಾಗಿದೆ. ಕೆಲಸದ ವೇಳೆ ಉಂಗುರ ತೆಗೆದಿಡಿ. ಎಡಗೈಯ ಆ ಮೂರೇ ಬೆರಳುಗಳನ್ನು ನೋಡಿದರೆ ನನಗೆ ಬೆಳ್ಳುಳ್ಳಿಯ ಮೇಲೆ ಅನುಮಾನ. ಬಲಗೈ ಚಾಕು ಹಿಡಿಯುತ್ತದೆ, ಎಡಗೈ ಎಸಳು ಹಿಡಿಯುತ್ತದೆ. ಅನುಮಾನದ ವಸ್ತುವನ್ನು ಬೆನ್ನಿನ ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆ ಮಾಡಿಸಿದರೆ ಖಚಿತವಾಗುತ್ತದೆ. ಅಲ್ಲಿಯವರೆಗೆ ಬೆಳ್ಳುಳ್ಳಿಯನ್ನು ಬೇರೆಯವರು ಸುಲಿಯಲಿ. ಅದರ ಸತ್ವ ತೆಳುವಾದ ರಬ್ಬರ್ ಕೈಗವಸನ್ನೂ ದಾಟುತ್ತದೆ.

ನೀವು ಹಚ್ಚಿದ ಟ್ಯೂಬಿನಲ್ಲಿ ಬಹುಶಃ ಪ್ರಬಲ ಸ್ಟಿರಾಯ್ಡ್ ಇದೆ. ಅದು ಉರಿಯನ್ನು ಅಡಗಿಸುತ್ತದೆ, ನೀರನ್ನು ತಡೆಯುವುದಿಲ್ಲ. ಆದ್ದರಿಂದಲೇ ಮರುಕಳಿಸುತ್ತಿದೆ. ಸ್ಟಿರಾಯ್ಡ್ ಬೇಕಾಗಬಹುದು, ಆದರೆ ಯಾವುದು, ಎಷ್ಟು ದಿನ ಎಂಬುದನ್ನು ಕೈ ನೋಡಿದವರು ಹೇಳಲಿ.

ಕೈಗವಸನ್ನು ಒದ್ದೆ ಕೈಗೆ ಹಾಕಬೇಡಿ. ಒಳಗೆ ತೆಳು ಹತ್ತಿಯ ಕೈಗವಸು, ಮೇಲೆ ರಬ್ಬರಿನದು. 15–20 ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಡ. ಹತ್ತಿಯದು ತೇವವಾದರೆ ಬದಲಿಸಿ, 4 ಜೊತೆ ಇಟ್ಟುಕೊಳ್ಳಿ. ಕೈ ತೊಳೆದಾಗ ಬಿಸಿನೀರು ಬೇಡ. ಬೆರಳ ಸಂದುಗಳನ್ನು ಒತ್ತಿ ಒರೆಸಿ, ಚರ್ಮದ ತೇವ ಆರುವ ಮೊದಲೇ ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಸವರಿ. ರಾತ್ರಿ ದಪ್ಪಗೆ ಹಚ್ಚಿ ಹತ್ತಿಯ ಕೈಗವಸು ಹಾಕಿಕೊಂಡು ಮಲಗಿ. ಕೈ ಚೆನ್ನಾಗಿ ಕಂಡ ದಿನವೇ ಇದನ್ನೆಲ್ಲ ಬಿಡಬೇಡಿ. ಮೇಲ್ನೋಟಕ್ಕೆ ವಾಸಿಯಾದ ಚರ್ಮ ಮೊದಲಿನ ಬಲ ಪಡೆಯಲು ಇನ್ನೂ ಕೆಲವು ತಿಂಗಳು ಬೇಕು.

ಸ್ಟಾಫ್ ನರ್ಸ್, ಕಲಬುರಗಿ: ವಾರ್ಡಿನಲ್ಲಿ ನಾನು ಪ್ರತಿ ರೋಗಿಯ ನಂತರ ಸೋಪಿನಲ್ಲೇ ತೊಳೆಯುತ್ತೇನೆ. ಹ್ಯಾಂಡ್‌ರಬ್ ಉರಿಯುತ್ತದೆ, ಅದರ ಆಲ್ಕೋಹಾಲ್ ಚರ್ಮ ಸುಡುತ್ತದೆ ಅಲ್ಲವೇ? ನನಗೆ ತುರಿಕೆ ಮಣಿಕಟ್ಟಿನವರೆಗೂ ಇದೆ, ಕೈಗವಸಿನ ಅಂಚಿನಲ್ಲಿ ಗೆರೆ ಎಳೆದಂತೆ ನಿಲ್ಲುತ್ತದೆ.

ಚರ್ಮವೈದ್ಯೆ: ಬಹಳ ಮಂದಿ ಸಿಸ್ಟರ್‌ಗಳು ಹೀಗೆಯೇ ನಂಬಿದ್ದಾರೆ, ಅದರಿಂದಲೇ ಕೈ ಕೆಡಿಸಿಕೊಳ್ಳುತ್ತಾರೆ. ಉರಿಯುವುದು ಈಗಾಗಲೇ ಬಿರುಕಿರುವುದರಿಂದ. ಚರ್ಮಕ್ಕೆ ಸೋಪು-ನೀರಿಗಿಂತ ಹ್ಯಾಂಡ್‌ರಬ್ಬೇ ಸೌಮ್ಯ. ರಕ್ತ, ಮಲ, ಕೊಳೆ ಕಣ್ಣಿಗೆ ಕಂಡಾಗ ಹಾಗೂ ಸಾಂಕ್ರಾಮಿಕ ಭೇದಿಯ ರೋಗಿಗಳ ಬಳಿ ಸೋಪೇ ಬೇಕು. ಉಳಿದಂತೆ ರಬ್ ಸಾಕು. ರಬ್ ಹಚ್ಚಿದ ತಕ್ಷಣ ಮತ್ತೆ ಸೋಪಿನಿಂದ ತೊಳೆಯಬೇಡಿ. ಮಣಿಕಟ್ಟಿನ ಆ ಗೆರೆ ಮಾತ್ರ ನನಗೆ ಚಿಂತೆ ತರುತ್ತದೆ. ರಬ್ಬರ್ ಹದಮಾಡಲು ಸೇರಿಸುವ ರಾಸಾಯನಿಕಗಳ ಅಲರ್ಜಿ ಇರಬಹುದು. ನೈಟ್ರೈಲ್ ಎಂಬ ಕೃತಕ ರಬ್ಬರಿನ ಹಲವು ಕೈಗವಸುಗಳಲ್ಲೂ ಅವು ಇರುತ್ತವೆ, ಹಾಗಾಗಿ ಬರೀ ಬಣ್ಣ ಬದಲಿಸಿದರೆ ಸಾಲದು. ಕೈಗವಸು ಹಾಕಿದ ಕೆಲವೇ ನಿಮಿಷಗಳಲ್ಲಿ ದದ್ದು, ಸೀನು, ಉಸಿರು ಕಟ್ಟುವುದು ಇದೆಯೇ?

ಸ್ಟಾಫ್ ನರ್ಸ್: ಉಸಿರು ಕಟ್ಟುವುದಿಲ್ಲ. ಸೀನು ಬರುತ್ತದೆ, ಪುಡಿ ಇರುವುದರಿಂದ ಎಂದುಕೊಂಡಿದ್ದೆ.

ಚರ್ಮವೈದ್ಯೆ: ಆ ಪುಡಿ ಲ್ಯಾಟೆಕ್ಸ್ ಅಂದರೆ ಸಹಜ ರಬ್ಬರಿನ ಅಂಶವನ್ನು ಹೊತ್ತು ಗಾಳಿಗೆ ಹಾರುತ್ತದೆ. ಪರೀಕ್ಷೆಯಾಗುವವರೆಗೆ ಲ್ಯಾಟೆಕ್ಸ್ ಮುಟ್ಟಬೇಡಿ. ನಿಮಗೆ ಒಂದೇ ತೊಂದರೆಯೋ ಎರಡೋ ಎಂಬುದನ್ನು ಇಲ್ಲಿಂದ ಹೇಳಲಾರೆ.

ಸದಸ್ಯ, ಮಂಡ್ಯ: ನಮ್ಮ ತಂದೆಗೆ ಬಲ ಅಂಗೈ ಮಾತ್ರ ಹೊಟ್ಟೇಳುತ್ತದೆ, ಎರಡು ಪಾದಗಳೂ ಹಾಗೆಯೇ. ಅವರೂ ಅದೇ ಮುಲಾಮು ಹಚ್ಚಬಹುದೇ?

ಚರ್ಮವೈದ್ಯೆ: ಬೇಡ. ಒಂದು ಕೈ, ಎರಡು ಕಾಲು ಎಂದರೆ ಮೊದಲು ಶಿಲೀಂಧ್ರ ಸೋಂಕನ್ನು ನೋಡಬೇಕು. ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಅದರ ಮೇಲೆ ಸ್ಟಿರಾಯ್ಡ್ ಹಚ್ಚಿದರೆ ಹರಡುತ್ತದೆ.

ಗೃಹಿಣಿ, ದಾವಣಗೆರೆ: ನಿನ್ನೆ ಎಣಿಸಿದೆ. ಸಂಜೆಯೊಳಗೆ 34 ಬಾರಿ ಕೈ ನೀರಿಗೆ ಹೋಯಿತು.

ಚರ್ಮವೈದ್ಯೆ: ದಿನಕ್ಕೆ 20 ದಾಟಿದರೇ ನಾವು ಅಪಾಯ ಎನ್ನುತ್ತೇವೆ. ಒಂದೊಂದು ಲೋಟ ತೊಳೆಯುವುದನ್ನು ಬಿಟ್ಟು ಪಾತ್ರೆಗಳನ್ನು ಎರಡು ಹೊತ್ತಿಗೆ ಕೂಡಿಡಿ, ಕೈಗವಸು ಹಾಕಿಯೇ ತೊಳೆಯಿರಿ.

ಗೃಹಿಣಿ: ಕೂಡಿಡುತ್ತೇನೆ. ಬೆಳ್ಳುಳ್ಳಿ ಸುಲಿಯಲು ಮಗನಿಗೆ ಹೇಳಿದ್ದೇನೆ. ಬಟ್ಟೆ ಒಗೆಯುವುದಕ್ಕೆ ಮಾತ್ರ ಇನ್ನೂ ದಾರಿ ಕಂಡಿಲ್ಲ, ನಮ್ಮಲ್ಲಿ ಯಂತ್ರವಿಲ್ಲ.