ಡೆಡ್ ಝೋನ್‌ಗೆ ಒಂದು ಪದ ಸಾಕಾ, ಎರಡು ಬೇಕಾ?

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿರುವ ನನ್ನ ಅಕ್ಕನ ಮಗ ಫ್ಲೈಟ್ ಸಿಮ್ಯುಲೇಟರ್ ಆಡೋಕೆ ಅಂತ ಯಾರದೋ ಹಳೆ ಸ್ಟಿಕ್ಕು, ಥ್ರಾಟಲ್ಲು ಕೊಂಡಿದ್ದಾನೆ. ಅದನ್ನು ಹೊಂದಿಸೋದು ಹೇಗೆ ಅಂತ ಕನ್ನಡದಲ್ಲಿ ಒಂದು ಪುಟ ಬರೆದುಕೊಡೋಣ ಅಂತ ಬೆಳಗಾವಿಯಲ್ಲಿ ಕೂತು ಶುರು ಮಾಡಿದೆ. ಮೂರನೇ ಸಾಲಿಗೇ ಸಿಕ್ಕಿಬಿದ್ದೆ.

ಅವನ ತೊಂದರೆ ಏನಂದರೆ, ಸ್ಟಿಕ್ ಕೈಬಿಟ್ಟರೂ ವಿಮಾನ ನಿಧಾನಕ್ಕೆ ಎಡಕ್ಕೆ ವಾಲುತ್ತಿತ್ತು. ಸೆಟ್ಟಿಂಗ್ಸ್ ತೆರೆದು ನೋಡಿದರೆ ಅಕ್ಷದ ಚುಕ್ಕೆ ನಡುವೆ ನಿಲ್ಲದೆ ಎಡಕ್ಕೆ 2 ಪರ್ಸೆಂಟ್ ಹತ್ತಿರ ನಡುಗುತ್ತಾ ಕೂತಿತ್ತು. ಸ್ಟಿಕ್ ಎಲ್ಲಿದೆ ಅಂತ ಅಳೆಯೋ ಒಳಗಿನ ಪೊಟೆನ್ಶಿಯೋಮೀಟರ್ ಸವೆದರೆ ಹೀಗಾಗುತ್ತೆ. ನಡುವಿನ ಸುತ್ತ 3 ಪರ್ಸೆಂಟ್ ಡೆಡ್ ಝೋನ್ ಇಟ್ಟೆವು. ಅಷ್ಟರೊಳಗೆ ಸ್ಟಿಕ್ ಎಷ್ಟೇ ಅಲುಗಿದರೂ ಸಿಮ್ಯುಲೇಟರ್ ಅದನ್ನು ಸೊನ್ನೆ ಅಂತಲೇ ಓದುತ್ತೆ. ವಾಲೋದು ನಿಂತಿತು.

ಹುಡುಗ ಖುಷಿಯಲ್ಲಿ ಅದನ್ನೇ ಥ್ರಾಟಲ್‌ಗೂ ಹಾಕಿಬಿಟ್ಟ, ಅದೂ 10 ಪರ್ಸೆಂಟ್! ಈಗ ಲಿವರ್ ಅರ್ಧಕ್ಕೆ ಬಂದಾಗ ಸ್ವಲ್ಪ ದೂರ ಎಂಜಿನ್ ಮಾತೇ ಕೇಳಲ್ಲ. ಅಲ್ಲಿ ನಿಜವಾಗಿ ಬೇಕಿದ್ದದ್ದು ಬೇರೆ. ಲಿವರನ್ನು ಪೂರ್ತಿ ಹಿಂದೆ ಎಳೆದರೂ ಪರದೆ ಮೇಲೆ 2 ತೋರಿಸುತ್ತೆ, ಸೊನ್ನೆಗೆ ಬರಲ್ಲ, ಹಾಗಾಗಿ ರನ್‌ವೇ ಮೇಲೆ ಇಳಿದ ಮೇಲೂ ಎಂಜಿನ್ ಸ್ವಲ್ಪ ತಳ್ಳುತ್ತಾನೇ ಇರುತ್ತೆ. ಡೆಡ್ ಝೋನ್ ಇಡಬೇಕಾದ್ದು ತುದಿಯಲ್ಲಿ, ನಡುವೆ ಅಲ್ಲ.

ಇದನ್ನು ಬರೆಯೋಕೆ 'ಸತ್ತ ವಲಯ' ಅಂದೆ. ಅಕ್ಕ ಓದಿ 'ಇದೇನೋ, ಸುಡುಗಾಡಿನ ಸುದ್ದಿ ಬರ್ದೀ?' ಅಂದಳು. ಆಮೇಲೆ ಹೊಳೆದದ್ದು 'ಬೀಳು'. ಬಿತ್ತದೆ ಬಿಟ್ಟ ನೆಲ. ನೆಲ ಇದೆ, ಅಳತೆ ಇದೆ, ಬೆಳೆ ಮಾತ್ರ ಇಲ್ಲ. ನಡುಬೀಳು, ತುದಿಬೀಳು ಅಂತ ಎರಡು ಮಾಡಬಹುದು. ಸ್ಟಿಕ್ಕನ್ನು ನಡುವೆ ಮೆತ್ತಗೆ, ತುದಿಯಲ್ಲಿ ಚುರುಕಾಗಿ ಓದಿಸೋ ಕರ್ವ್ ಅನ್ನೋ ಸೆಟ್ಟಿಂಗಿಗೆ 'ಬಾಗು' ಸಾಕಲ್ವಾ? ಏನಂತೀರಿ?

ಬಾಗಲಕೋಟೆಯ ಗ್ಯಾರೇಜಿನವರು:
ಹೊಸ ಪದ ಯಾಕ್ರೀ ಸರ್? ಟ್ರ್ಯಾಕ್ಟರ್ ಸ್ಟೇರಿಂಗ್ ನಾಲ್ಕು ಬೆರಳು ತಿರುಗಿಸಿದರೂ ಗಾಲಿ ತಿರುಗದಿದ್ದರೆ ನಾವು ಪ್ಲೇ ಅಂತೀವಿ, ಇಲ್ಲಾ ಸಡಿಲು ಅಂತೀವಿ. ಸಡಿಲು ಅಂತ ಬರೀರಿ, ಮುಗೀತು. ಇನ್ನೊಂದು, ನನ್ನ ಮಗನೂ ಇದನ್ನ ಆಡ್ತಾನೆ, ಕರ್ವ್ ಹಾಕಿದರೆ ಡೆಡ್ ಝೋನೇ ಬೇಡ ಅಂತಾನೆ.

ಜಮಖಂಡಿ ಕಡೆಯವರು:
ನಮ್ಮ ಹೊಲದಲ್ಲಿ ಬಾವಿ ಹತ್ತಿರ ಫೋನ್ ಹತ್ತೋದೇ ಇಲ್ಲ, ನಾವು ಅದಕ್ಕೆ 'ಟವರ್ ಇಲ್ಲದ ಜಾಗ' ಅಂತೀವಿ. ನಿಮಗೂ ಅದೇ ನಡೆಯುತ್ತೆ ನೋಡಿ. ಬೀಳು ಮಾತ್ರ ಬೇಡ. ಬೀಳು ಬಿದ್ದ ಹೊಲ ಅಂದರೆ ನಮ್ಮಪ್ಪನಿಗೆ ಮೈ ಉರಿಯುತ್ತೆ, ಕೈಲಾಗದೆ ಬಿಟ್ಟದ್ದು ಅಂತ ಅರ್ಥ. ನೀವು ಬೇಕು ಅಂತಲೇ ಬಿಡ್ತಿದ್ದೀರಲ್ಲ.

ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವರು:
ಅಣ್ಣಾವ್ರೇ, ಸಡಿಲು ಬೇರೆ, ಇದು ಬೇರೆ. ಸಡಿಲು ಇರೋದು ಕೀಲಲ್ಲಿ, ಗೇರಿನ ಹಲ್ಲಲ್ಲಿ. ಎಲ್ಲೇ ಇದ್ದರೂ ದಿಕ್ಕು ಬದಲಿಸಿದ ಕೂಡಲೇ ಸಿಗುತ್ತೆ. ಡೆಡ್ ಝೋನ್ ನಾವು ಇಟ್ಟ ಜಾಗದಲ್ಲಿ ಮಾತ್ರ. ನೋಡಬೇಕಾ? ಸ್ಟಿಕ್ಕನ್ನು ಅರ್ಧ ಬಲಕ್ಕೆ ಒಯ್ದು ಅಲ್ಲೇ ಚೂರು ಆಚೆ ಈಚೆ ಮಾಡಿ. ಅಲ್ಲೂ ಚುಕ್ಕೆ ಅಲುಗದಿದ್ದರೆ ಅದು ಸಡಿಲು, ಯಾವ ಸೆಟ್ಟಿಂಗೂ ಅದನ್ನು ಸರಿ ಮಾಡಲ್ಲ.

ಮಗನ ಮಾತು ಅರ್ಧ ಸರಿ. ಬಾಗಿನ ಒಂದು ಲೆಕ್ಕ ಹೀಗಿರುತ್ತೆ. x ಅಂದರೆ ಸ್ಟಿಕ್ ಎಷ್ಟು ಸರಿಯಿತು, y ಅಂದರೆ ಸಿಮ್ಯುಲೇಟರ್ ಎಷ್ಟು ಅಂತ ಓದುತ್ತೆ, ಎರಡರಲ್ಲೂ 100 ಪರ್ಸೆಂಟ್ ಅಂದರೆ 1:

```
y = 0.7*x + 0.3*x^3
```

2 ಪರ್ಸೆಂಟ್ ನಡುಕ ಇದರಲ್ಲಿ 1.4 ಆಗುತ್ತೆ. ಕಡಿಮೆ ಆಯಿತು, ಸೊನ್ನೆ ಆಗಲಿಲ್ಲ, ವಿಮಾನ ವಾಲೋದು ವಾಲುತ್ತೆ. ಅರ್ಧ ತಳ್ಳಿದರೆ ಸುಮಾರು 39, ಪೂರ್ತಿ ತಳ್ಳಿದರೆ 100. ಅಂದರೆ ನಡುವೆ ಮೆತ್ತಗಾದಷ್ಟೂ ಕೊನೆಯಲ್ಲಿ ಚುರುಕು ಜಾಸ್ತಿ. ಹೊಸಬರು ಬಾಗು ಜಾಸ್ತಿ ಹಾಕಿಕೊಂಡು, ಇಳಿಯುವಾಗ ಸ್ಟಿಕ್ ಪೂರ್ತಿ ಎಳೆಯೋ ಹೊತ್ತಿಗೆ ಮೂಗು ಧಡಕ್ಕನೆ ಎದ್ದಿತು ಅಂತ ಗೋಳಾಡೋದು ಇದಕ್ಕೇ. 'ಬಾಗು' ನನಗೆ ಒಪ್ಪಿಗೆ.

ಥ್ರಾಟಲ್‌ಗೆ ನಡು ಅನ್ನೋದೇ ಇಲ್ಲ. DCS ಅನ್ನೋ ಸಿಮ್ಯುಲೇಟರಿನಲ್ಲಿ ಆ ಅಕ್ಷಕ್ಕೆ `Slider` ಗುರುತು ಹಾಕಲು ಹೇಳಿ, ಇಲ್ಲದಿದ್ದರೆ ಅದನ್ನೂ ಸ್ಟಿಕ್ಕಿನ ಹಾಗೇ ನಡುವಿನಿಂದ ಅಳೆಯುತ್ತೆ. ಪದದ ವಿಷಯ ಅಂದರೆ, X-Plane ಅನ್ನೋ ಇನ್ನೊಂದು ಸಿಮ್ಯುಲೇಟರಿನ ಹಳೆ ಆವೃತ್ತಿಗಳಲ್ಲಿ ಇದನ್ನು `nullzone` ಅಂತಿದ್ದರು. ನಾವು 'ಸೊನ್ನೆ ಪಟ್ಟಿ' ಅನ್ನಬಹುದು. ಸಾವೂ ಬೇಡ, ಬೀಳೂ ಬೇಡ.

ಮೊದಲು ಕೇಳಿದವನು:
ಮೇಡಂ, ಹುಡುಗ ಥ್ರಾಟಲ್ ನಡುವಿನ 10 ತೆಗೆದು ಎರಡೂ ತುದಿಗೆ 3 ಇಟ್ಟ, ಈಗ ಲಿವರ್ ಹಿಂದೆ ಎಳೆದರೆ ಸೊನ್ನೆಗೆ ಬರುತ್ತಿದೆ. 'ಸೊನ್ನೆ ಪಟ್ಟಿ' ಸ್ಟಿಕ್ಕಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಥ್ರಾಟಲಿನ ಮೇಲಿನ ತುದಿಯ 3 ಪರ್ಸೆಂಟ್ ಓದೋದು ಸೊನ್ನೆ ಅಲ್ಲವಲ್ಲ, 100. ಅದನ್ನು ಸೊನ್ನೆ ಪಟ್ಟಿ ಅಂತ ಬರೆದರೆ ಅವನು ನನ್ನನ್ನೇ ಕೇಳ್ತಾನೆ, 'ಮಾಮಾ, ಇದ್ಯಾವ ಸೊನ್ನೆ?'

ಬಾಗಲಕೋಟೆಯ ಗ್ಯಾರೇಜಿನವರು:
ಅದಕ್ಕೇ ನಾ ಹೇಳಿದ್ದು, ಡೆಡ್ ಝೋನ್ ಅಂತಲೇ ಬರೀರಿ ಅತ್ಲಾಗೆ.