ಹಳೇ ಪಿಎಲ್‌ಸಿ ಬದಲಿಸಲು ಬಜೆಟ್ ಕೇಳಿದ ಪತ್ರ ವಾಪಸ್ ಬಂದಿದೆ, ಏನು ತಿದ್ದಲಿ?

ಮಿಲ್‌ಹೌಸ್: ನಮ್ಮದು ದಿನಕ್ಕೆ 3500 ಟನ್ ಕಬ್ಬು ಅರೆಯುವ ಕಾರ್ಖಾನೆ, ಪ್ಲಾಂಟ್ ನಾನು ನೋಡಿಕೊಳ್ಳುತ್ತೇನೆ. ಮಿಲ್ ಓಡಿಸುವ ಕಂಟ್ರೋಲರ್ ಇನ್ನೂ ಪಿಎಲ್‌ಸಿ-5 ಮಾದರಿಯದೇ. 2017ರ ಜೂನ್‌ನಲ್ಲೇ ಅದರ ಮಾರಾಟ ನಿಂತಿತು. ಸ್ಪೇರ್ ಪ್ರೊಸೆಸರ್ ಒಂದೇ ಉಳಿದಿದೆ. 48 ಲಕ್ಷ ಕೇಳಿ, "ಬಿಡಿಭಾಗ ಸಿಗುತ್ತಿಲ್ಲ, ನಿಂತರೆ ಕೋಟಿಗಟ್ಟಲೆ ನಷ್ಟ" ಅಂತ ಬರೆದಿದ್ದೆ. "ಓಡ್ತಾ ಇದೆಯಲ್ಲ" ಎಂದು ಫೈನಾನ್ಸ್‌ನವರು ವಾಪಸ್ ಕಳಿಸಿದ್ದಾರೆ.

ಸ್ಪ್ಯಾನರ್_ಸೆಟ್: ಸುಮ್ನೆ ಎರಡು ಸೆಕೆಂಡ್‌ಹ್ಯಾಂಡ್ ಪ್ರೊಸೆಸರ್ ತಂದಿಡಿ ಸರ್, ಇನ್ನೂ ಐದು ವರ್ಷ ನಡೆಯುತ್ತದೆ.

ಬಾಟ್ಲಿಂಗ್_ಲೈನ್: ಹೊಸದು ಯಾವ ಕಂಪನಿಯದು ತಗೊಳ್ತೀರಿ? ನಾವೂ ಚಿಕ್ಕ ಪಿಎಲ್‌ಸಿ ಹುಡುಕುತ್ತಿದ್ದೇವೆ, 40 ಪಾಯಿಂಟ್ ಸಾಕು.

ಲ್ಯಾಡರ್_ಲಾಜಿಕ್: ಅವರು ಕೇಳುತ್ತಿರುವುದು ಪತ್ರದ ಬಗ್ಗೆ, ನಿಮ್ಮದಕ್ಕೆ ಬೇರೆ ಪೋಸ್ಟ್ ಹಾಕಿ. ಸ್ಪ್ಯಾನರ್ ಅವರೇ, ಈ ಸೀಸನ್ ದಾಟಿಸಲು ಹಳೇದು ತಂದಿಡುವುದು ಸರಿ, ಆದರೆ ಬಂದ ದಿನವೇ ರ‍್ಯಾಕ್‌ಗೆ ಹಾಕಿ ಪ್ರೋಗ್ರಾಂ ಲೋಡ್ ಮಾಡಿ ಓಡಿಸಿ ನೋಡಬೇಕು. ಶೆಲ್ಫ್‌ನಲ್ಲಿ ಇಟ್ಟಿದ್ದು ಸ್ಪೇರ್ ಅಂತ ಲೆಕ್ಕಕ್ಕೆ ಬರುವುದಿಲ್ಲ. ಇನ್‌ಪುಟ್-ಔಟ್‌ಪುಟ್‌ನ 1771 ಕಾರ್ಡುಗಳದೂ ಇದೇ ಪಾಡು.

ಮಿಲ್‌ಹೌಸ್ ಸರ್, "ಕೋಟಿಗಟ್ಟಲೆ" ಅನ್ನುವುದನ್ನು ಮೊದಲು ತೆಗೆಯಿರಿ. ಮಿಲ್ ಐದು ದಿನ ನಿಂತರೆ 17,500 ಟನ್ ಅರೆಯುವುದು ತಪ್ಪುತ್ತದೆ, ಆದರೆ ಅಷ್ಟೂ ಕೈತಪ್ಪುವುದಿಲ್ಲ, ಜಾಸ್ತಿ ಪಾಲನ್ನು ಆಮೇಲೆ ಅರೆಯುತ್ತೀರಿ. ಕಾಲು ಭಾಗ ಪಕ್ಕದ ಕಾರ್ಖಾನೆಗೆ ಹೋಯಿತು ಅನ್ನಿ, 4,375 ಟನ್. ಟನ್‌ಗೆ 600 ರೂಪಾಯಿ ಉಳಿಯುತ್ತದೆ ಅಂತ ಇಟ್ಟರೆ 26.25 ಲಕ್ಷ. ಯಾರ್ಡ್‌ನಲ್ಲಿ ಒಣಗಿದ ಕಬ್ಬಿನ ತೂಕ, ಇಳಿದ ರಿಕವರಿ ಬೇರೆ ಸಾಲಿನಲ್ಲಿ ಬರಲಿ. ಒಂದು ಸಲ ನಿಲ್ಲುವುದನ್ನು ತಪ್ಪಿಸಿದ ಮಾತ್ರಕ್ಕೆ 48 ಲಕ್ಷ ವಾಪಸ್ ಬರುವುದಿಲ್ಲ ಎಂದು ನೀವೇ ಬರೆಯಿರಿ, ಆಗ ಉಳಿದ ಅಂಕಿಗಳನ್ನೂ ನಂಬುತ್ತಾರೆ.

ಎರಡನೆಯದು, ಫೀಲ್ಡ್ ವೈರಿಂಗ್ ಕೀಳಬೇಕಿಲ್ಲ ಅಂತ ಬರೆಯಿರಿ. ಫೀಲ್ಡ್ ವೈರ್‌ಗಳು ಸೇರುವ ಹಳೇ ಸ್ವಿಂಗ್ ಆರ್ಮ್ ಹಾಗೇ ಕೂರುವ ಕನ್ವರ್ಷನ್ ಮಾಡ್ಯೂಲ್ ಇವೆ. ಪ್ರೋಗ್ರಾಂ ಟೂಲ್‌ನಲ್ಲಿ ಕನ್ವರ್ಟ್ ಆಗುತ್ತದೆ, ಆದರೆ ಅನುಮಾನ ಇದ್ದ ಕಡೆಯೆಲ್ಲ `PCE` ಅಂತ ಗುರುತು ಬಿಡುತ್ತದೆ. ಒಂದೊಂದನ್ನೂ ಕೈಯಾರೆ ನೋಡಬೇಕು. ಅನಲಾಗ್ ಕಾರ್ಡಿನ ಬ್ಲಾಕ್ ಟ್ರಾನ್ಸ್‌ಫರ್‌ಗಳಲ್ಲೇ ದಿನಗಳು ಹೋಗುತ್ತವೆ, ಅದರ ಖರ್ಚು 48 ಲಕ್ಷದಲ್ಲಿ ಸೇರಿದೆಯಾ?

ಮಿಲ್‌ಹೌಸ್: ಸೇರಿಲ್ಲ, ಕೊಟೇಶನ್ ತಿದ್ದಿಸುತ್ತೇನೆ. ಪತ್ರದ ಮೊದಲ ಪ್ಯಾರಾ ಈಗ ಹೀಗಿದೆ:

"ಮಾನ್ಯರೇ, ಮಿಲ್ ಕಂಟ್ರೋಲರ್ ಇಂದು ಓಡುತ್ತಿದೆ. ಪ್ರೊಸೆಸರ್ ಕೆಟ್ಟರೆ ಬದಲಿಗೆ ಒಂದೇ ಇದೆ, ಅದೂ ಕೆಟ್ಟರೆ ಹಳೇ ಮಾಲಿನ ವ್ಯಾಪಾರಿಗಳೇ ಗತಿ. ಸೀಸನ್‌ನಲ್ಲಿ ಐದು ದಿನ ನಿಂತರೆ ಸುಮಾರು 26 ಲಕ್ಷ ಕೈತಪ್ಪುತ್ತದೆ. ಬದಲಿಸುವ ಕೆಲಸ ಆಫ್ ಸೀಸನ್‌ನಲ್ಲಿ ಮಾತ್ರ ಸಾಧ್ಯ. ಈಗ ಆರ್ಡರ್ ಆಗದಿದ್ದರೆ ಮುಂದಿನ ಸೀಸನ್ ಪೂರ್ತಿ ಇದೇ ಪ್ರೊಸೆಸರ್ ಮೇಲೆ ನಡೆಯಬೇಕು."

ಒಂದು ಸೀಸನ್‌ನಲ್ಲಿ ಕೆಡುವ ಸಾಧ್ಯತೆ ಎಷ್ಟು ಅಂತ ಕೇಳಿದರೆ ಏನು ಹೇಳಲಿ?

ಲ್ಯಾಡರ್_ಲಾಜಿಕ್: ಶೇಕಡಾವಾರು ಬರೆಯಬೇಡಿ. ಬ್ರೇಕ್‌ಡೌನ್ ರಿಜಿಸ್ಟರ್‌ನಿಂದ ಕಾರ್ಡ್ ಬದಲಿಸಿದ ತಾರೀಖುಗಳನ್ನು ತೆಗೆದು ಲಗತ್ತಿಸಿ.

ಸ್ಪ್ಯಾನರ್_ಸೆಟ್: ರಿಜಿಸ್ಟರ್ ಸರಿಯಾಗಿ ಬರೆದಿದ್ದರೆ ಅಲ್ವಾ ಸರ್. ನಮ್ಮಲ್ಲಿ "ರೀಸೆಟ್ ಮಾಡಿದೆ, ಓಕೆ" ಅಂತಷ್ಟೇ ಇರುತ್ತದೆ.